ಸ್ಪಾರ್ಕ್ಲಿಂಗ್ ವೈನ್ ಬಾಟಲಿಯ ಕಾರ್ಕ್ ಕುತ್ತಿಗೆಯಲ್ಲೇ ಮುರಿದಾಗ: ದೋಷ ಪತ್ತೆ ಮತ್ತು ನಿವಾರಣೆ

ಕಳೆದ ಡಿಸೆಂಬರಿನಲ್ಲಿ ಸುಂಟಿಕೊಪ್ಪದ ಸಮೀಪದ ತೋಟದ ಮನೆಯಲ್ಲಿ ನನ್ನ ಸೋದರಮಾವನವರ ಮದುವೆಯ 25ನೆಯ ವಾರ್ಷಿಕೋತ್ಸವವಿತ್ತು. ನಾಲ್ಕು ವರ್ಷಗಳ ಹಿಂದೆ ಯಾರೋ ಉಡುಗೊರೆಯಾಗಿ ಕೊಟ್ಟಿದ್ದ ಎರಡು ಸ್ಪಾರ್ಕ್ಲಿಂಗ್ ವೈನ್ ಬಾಟಲಿಗಳನ್ನು ಅತ್ತೆ ಜೋಪಾನವಾಗಿ ಎತ್ತಿಟ್ಟಿದ್ದರು. ಅವುಗಳಲ್ಲಿ ಒಂದನ್ನು ತೆಗೆಯುವ ಕೆಲಸ ನನ್ನ ಪಾಲಿಗೆ ಬಂತು. ತಂತಿಯ ಜಾಲರಿಯನ್ನು ಬಿಚ್ಚಿ, ಕಾರ್ಕಿನ ತಲೆಯನ್ನು ಬಿಗಿಯಾಗಿ ಹಿಡಿದು ತಿರುಗಿಸಿದೆ. ಒಣಗಿದ ಕಡ್ಡಿ ಮುರಿದಂತಹ ಸಣ್ಣ ಸದ್ದು ಕೇಳಿತು. ಅಣಬೆಯಾಕಾರದ ತಲೆ ನನ್ನ ಕೈಯಲ್ಲಿತ್ತು. ಉಳಿದ ತುಂಡು ಬಾಟಲಿಯ ಬಾಯಿಗಿಂತ ಒಂದು ಉಗುರಿನಷ್ಟು ಕೆಳಗೆ, ಒರಟು ಕಂದು ಮೇಲ್ಮೈಯನ್ನು ತೋರಿಸುತ್ತ, ಅಲುಗಾಡದೆ ಕುಳಿತಿತ್ತು. ಸ್ಕ್ರೂ ಹಾಕಿ ಎಳೆದುಬಿಡೋಣವೆಂದು ನಾನು ಬಾಟಲಿಯ ಮೇಲೆ ಬಗ್ಗಿದೆ. ಆಗ ಮಾವ, "ಮುಖ ಆಚೆ ತೆಗಿ ಮಾರಾಯ, ಅದು ಮಾಮೂಲಿ ವೈನ್ ಅಲ್ಲ," ಎಂದು ನನ್ನ ಭುಜ ಹಿಡಿದು ಹಿಂದಕ್ಕೆಳೆದರು. ಆ ರಾತ್ರಿ ನಾವು ಅನುಸರಿಸಿದ ಕ್ರಮವನ್ನೂ, ಕಾರ್ಕ್ ಮುರಿದ ಕಾರಣವನ್ನು ಪತ್ತೆ ಹಚ್ಚಿದ ಬಗೆಯನ್ನೂ ಇಲ್ಲಿ ಬರೆದಿದ್ದೇನೆ.

ಮುರಿದ ಮೇಲೆ ಬಾಟಲಿಯ ಸ್ಥಿತಿ

ಸಾಮಾನ್ಯ ವೈನ್ ಬಾಟಲಿಯ ಕಾರ್ಕ್ ಮುರಿದರೆ ಅದು ಕಿರಿಕಿರಿಯಷ್ಟೇ; ಒಳಗೆ ಒತ್ತಡವಿಲ್ಲದ ಕಾರಣ ಅವಸರದಲ್ಲಿ ಏನು ಮಾಡಿದರೂ ಹೆಚ್ಚಿನ ಅಪಾಯವಿಲ್ಲ. ಸ್ಪಾರ್ಕ್ಲಿಂಗ್ ವೈನಿನ ಸ್ಥಿತಿ ಬೇರೆ. ಅದರ 750 ಮಿಲಿಲೀಟರಿನಲ್ಲಿ ಸುಮಾರು 9 ಗ್ರಾಂ ಇಂಗಾಲದ ಡೈ ಆಕ್ಸೈಡ್ ಕರಗಿರುತ್ತದೆ. ಅಷ್ಟನ್ನೂ ಹೊರಗೆ ಬಿಟ್ಟರೆ ಅದು 5 ಲೀಟರಿನಷ್ಟು ಜಾಗ ಹಿಡಿಯುತ್ತದೆ. ತಂತಿಯ ಜಾಲರಿ ಇರುವವರೆಗೆ ಕಾರ್ಕನ್ನು ಅದು ತಡೆದು ಹಿಡಿದಿರುತ್ತದೆ. ಜಾಲರಿ ಬಿಚ್ಚಿದ ಕ್ಷಣದಿಂದ ಕಾರ್ಕ್ ಮತ್ತು ಗಾಜಿನ ನಡುವಿನ ಬಿಗಿಹಿಡಿತವೊಂದೇ ತಡೆ.

ಆ ತುಂಡಿನ ಮೇಲೆ ಎಷ್ಟು ಬಲ ಬೀಳುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ಬಾಟಲಿಯ ಕುತ್ತಿಗೆಯ ಒಳವ್ಯಾಸ ಸುಮಾರು 18 ಮಿಲಿಮೀಟರ್, ಅಂದರೆ ಅದರ ವಿಸ್ತೀರ್ಣ ಎರಡೂವರೆ ಚದರ ಸೆಂಟಿಮೀಟರ್. ಫ್ರಿಜ್‌ನಲ್ಲಿ ಚೆನ್ನಾಗಿ ತಣ್ಣಗಾದ ಬಾಟಲಿಯಲ್ಲಿ ಈ ತುಂಡನ್ನು ಒಳಗಿನಿಂದ ಸುಮಾರು 9 ಕಿಲೋಗ್ರಾಂ ತೂಕದಷ್ಟು ಬಲ ಹೊರಕ್ಕೆ ತಳ್ಳುತ್ತಿರುತ್ತದೆ. 20 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅದೇ ಬಲ 16 ಕಿಲೋ ಆಗುತ್ತದೆ. 30 ಡಿಗ್ರಿಯಲ್ಲಿ 20 ಕಿಲೋ ದಾಟುತ್ತದೆ. ಬಿಸಿಯಾದಷ್ಟೂ ವೈನ್ ತನ್ನೊಳಗೆ ಅನಿಲವನ್ನು ಹಿಡಿದಿಟ್ಟುಕೊಳ್ಳಲಾರದೆ ಮೇಲಿನ ಖಾಲಿ ಜಾಗಕ್ಕೆ ಬಿಡುವುದೇ ಇದಕ್ಕೆ ಕಾರಣ. ಆದ್ದರಿಂದ ಮುರಿದ ಕಾರ್ಕನ್ನು ಸರಿಪಡಿಸುವ ಕೆಲಸದಲ್ಲಿ ಮೊದಲು ಕೈಗೆ ಬರಬೇಕಾದ ಸಾಧನ ಸ್ಕ್ರೂ ಅಲ್ಲ, ಐಸ್. ಮೊದಲು ತಣಿಸಬೇಕು, ಆಮೇಲೆ ಅನಿಲ ಬಿಡಬೇಕು, ಕಾರ್ಕಿನ ಸರದಿ ಕೊನೆಯದು.

ಮಡಿಕೇರಿಯಂತಹ ಎತ್ತರದ ಊರಿನಲ್ಲಿ ಬಾಟಲಿ ಹೆಚ್ಚು ಜೋರಾಗಿ ಸಿಡಿಯುತ್ತದೆಯೇ ಎಂದು ಆ ದಿನ ಬಂದಿದ್ದವರಲ್ಲಿ ಒಬ್ಬರು ಕೇಳಿದರು. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿರುವ ಮಡಿಕೇರಿಯಲ್ಲಿ ಹೊರಗಿನ ಗಾಳಿಯ ಒತ್ತಡ ಕಡಿಮೆ ಇರುವುದು ನಿಜ. ಆದರೆ ಆ ವ್ಯತ್ಯಾಸ ಬಾಟಲಿಯೊಳಗಿನ ಒತ್ತಡದ ಮುಂದೆ ಲೆಕ್ಕಕ್ಕಿಲ್ಲದಷ್ಟು ಚಿಕ್ಕದು. ಬೆಂಗಳೂರಿನಿಂದ ಕಾರಿನ ಡಿಕ್ಕಿಯಲ್ಲಿ ಬಿಸಿಲಿಗೆ ಕಾದು, ದಾರಿಯುದ್ದಕ್ಕೂ ಕುಲುಕಾಡಿ ಬಂದ ಬಾಟಲಿಯನ್ನು ಅದೇ ಸಂಜೆ ತೆಗೆಯಲು ಹೋಗುವುದು ಅದಕ್ಕಿಂತ ಎಷ್ಟೋ ಪಾಲು ಅಪಾಯಕರ. ಅಂತಹ ಬಾಟಲಿಗೆ ಒಂದು ಇಡೀ ದಿನ ವಿಶ್ರಾಂತಿ ಕೊಡಬೇಕು.

ಮುರಿದ ಕೂಡಲೇ ಮಾಡಬೇಕಾದದ್ದು

ಬಾಟಲಿಯನ್ನು ನೆಟ್ಟಗೆ ನಿಲ್ಲಿಸಿ, ದಪ್ಪನೆಯ ಟವಲನ್ನು ನಾಲ್ಕು ಮಡಿಕೆ ಮಾಡಿ ಬಾಯಿಯ ಮೇಲೆ ಹೊದಿಸಿ, ಅದರ ಮೇಲೆ ಅಂಗೈ ಇಡಬೇಕು. ಇದಿಷ್ಟನ್ನೂ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡೇ ಮಾಡಬೇಕು. ಹತ್ತಿರ ನಿಂತ ಮಕ್ಕಳನ್ನು ಬೇರೆ ಕೋಣೆಗೆ ಕಳುಹಿಸಬೇಕು. ನಂತರ ಬಿಚ್ಚಿದ ತಂತಿಯ ಜಾಲರಿಯನ್ನು ಅದರ ಲೋಹದ ಟೋಪಿಯ ಸಮೇತ ಮತ್ತೆ ಬಾಟಲಿಯ ಬಾಯಿಗೆ ಕೂರಿಸಿ, ಕುತ್ತಿಗೆಯ ಉಬ್ಬಿನ ಕೆಳಗೆ ತಂತಿಯನ್ನು ಬಿಗಿಯಬೇಕು. ಮುರಿದ ತುಂಡು ಒಳಗೆ ಇಳಿದಿರುವುದರಿಂದ ಟೋಪಿ ಅದಕ್ಕೆ ತಾಗುವುದಿಲ್ಲ; ಆದರೂ ತುಂಡು ಹಠಾತ್ತನೆ ಹೊರಬಿದ್ದರೆ ಅದು ಕೋಣೆಯ ಆಚೆ ತುದಿಗೆ ಹಾರದಂತೆ ತಡೆಯುತ್ತದೆ. ತಂತಿ ತುಕ್ಕು ಹಿಡಿದಿದ್ದರೆ ಎರಡನೆಯ ಸಲ ತಿರುಚುವಾಗ ತುಂಡಾಗಬಹುದು. ಆಗ ಟವಲನ್ನೇ ಸೆಣಬಿನ ಹಗ್ಗದಿಂದ ಕುತ್ತಿಗೆಗೆ ಬಿಗಿದು ಕಟ್ಟಬೇಕು.

ಈ ಹಂತದಲ್ಲಿ ಟಾರ್ಚ್ ಹಿಡಿದು, ಪಕ್ಕದಿಂದಲೇ, ಬಾಟಲಿಯ ಬಾಯಿಯ ಅಂಚನ್ನೂ ಕುತ್ತಿಗೆಯನ್ನೂ ನೋಡಬೇಕು. ಗಾಜಿನಲ್ಲಿ ಕೂದಲಿನಷ್ಟು ಬಿರುಕಾಗಲಿ, ಅಂಚಿನಲ್ಲಿ ಚಕ್ಕೆ ಎದ್ದಿರುವುದಾಗಲಿ ಕಂಡರೆ ಆ ವೈನಿನ ಆಸೆಯನ್ನು ಅಲ್ಲಿಗೇ ಬಿಡಬೇಕು. ಗಾಜಿನ ಪುಡಿಯನ್ನು ಸೋಸಿ ತೆಗೆದೆವು ಎಂಬ ನಂಬಿಕೆಯ ಮೇಲೆ ಯಾರಿಗೂ ಕುಡಿಯಲು ಕೊಡಬಾರದು.

ಬಾಟಲಿ ಸರಿಯಾಗಿದ್ದರೆ ಅದನ್ನು ಐಸ್ ಮತ್ತು ನೀರು ಸಮಪಾಲು ಇರುವ ಬಕೆಟ್ಟಿನಲ್ಲಿ ಕುತ್ತಿಗೆಯವರೆಗೆ ಮುಳುಗಿಸಿ 40 ನಿಮಿಷ ಬಿಡಬೇಕು. ಬರೀ ಐಸ್ ಹಾಕಿದರೆ ತುಂಡುಗಳ ನಡುವೆ ಗಾಳಿ ಉಳಿದು ತಣಿಯುವುದು ನಿಧಾನವಾಗುತ್ತದೆ, ಆದ್ದರಿಂದ ನೀರು ಬೇಕೇ ಬೇಕು. ಐಸ್ ಇಲ್ಲದಿದ್ದರೆ ಫ್ರಿಜ್ಜಿನ ಕೆಳಗಿನ ಭಾಗದಲ್ಲಿ ನಾಲ್ಕು ಗಂಟೆ ಇಡಬಹುದು. ಫ್ರೀಜರಿನಲ್ಲಿ ಇಟ್ಟು ಮರೆತರೆ ವೈನ್ ಹೆಪ್ಪುಗಟ್ಟಿ ಹಿಗ್ಗಿ ಬಾಟಲಿಯೇ ಒಡೆಯಬಹುದು. ಮನೆ ತುಂಬ ನೆಂಟರಿರುವ ದಿನ ಮರೆಯುವ ಸಂಭವ ಹೆಚ್ಚಾದ್ದರಿಂದ ನಾನು ಆ ದಾರಿಯನ್ನು ಯಾರಿಗೂ ಹೇಳುವುದಿಲ್ಲ.

ಒಳಗೆ ಒತ್ತಡ ಉಳಿದಿದೆಯೇ?

ಗ್ಯಾಸ್ ಸಿಲಿಂಡರಿನ ಸೋರಿಕೆ ನೋಡುವ ಹಾಗೆಯೇ ಇಲ್ಲಿಯೂ ಸೋಪಿನ ನೀರು ನೆರವಾಗುತ್ತದೆ. ಜಾಲರಿ ಬಿಗಿದಿರುವಾಗಲೇ ತಂತಿಗಳ ಸಂದಿಯಿಂದ ಮೂರು ನಾಲ್ಕು ಹನಿ ಸೋಪಿನ ನೀರನ್ನು ಮುರಿದ ತುಂಡಿನ ಮೇಲೆ ಬಿಟ್ಟು ಒಂದು ನಿಮಿಷ ಗಮನಿಸಬೇಕು. ಅಂಚಿನ ಸುತ್ತ ಸಣ್ಣ ಗುಳ್ಳೆಗಳು ಎದ್ದರೆ ಕಾರ್ಕ್ ಸೋರುತ್ತಿದೆ, ಒಳಗೆ ಅನಿಲವೂ ಇದೆ ಎಂದರ್ಥ. ಗುಳ್ಳೆ ಏಳದಿದ್ದರೆ ಒಳಗೆ ಅನಿಲವಿಲ್ಲ ಎಂದು ತಿಳಿಯುವುದು ತಪ್ಪು. ತುಂಡು ಗಾಜಿಗೆ ಭದ್ರವಾಗಿ ಅಂಟಿಕೊಂಡಿರುವ ಪೂರ್ಣ ಒತ್ತಡದ ಬಾಟಲಿಯೂ ಹಾಗೆಯೇ ಸುಮ್ಮನಿರುತ್ತದೆ. ನಮ್ಮ ಬಾಟಲಿಯಲ್ಲಿ ಒಂದು ಗುಳ್ಳೆಯೂ ಏಳಲಿಲ್ಲ. ಸಂದೇಹವಿರುವಷ್ಟು ಹೊತ್ತೂ ಒತ್ತಡ ಪೂರ್ತಿ ಇದೆ ಎಂದೇ ಇಟ್ಟುಕೊಳ್ಳಬೇಕು.

ತುಂಡನ್ನು ಹಾಗೆಯೇ ಒಳಕ್ಕೆ ನೂಕಿಬಿಡಿ ಎನ್ನುವವರು ಇದ್ದಾರೆ. ಅನಿಲ ಬಿಡದೆ ನೂಕುವುದೆಂದರೆ 9 ಕಿಲೋ ಬಲದ ಎದುರು, ಬಾಟಲಿಯ ನೇರ ಮೇಲೆ ನಿಂತು, ಶಕ್ತಿ ಹಾಕಿ ಒತ್ತುವುದು. ತುಂಡು ಒಳಗೆ ಬಿದ್ದ ಕ್ಷಣದಲ್ಲೇ ಅನಿಲ ಮತ್ತು ನೊರೆ ಒಟ್ಟಿಗೆ ಮುಖದ ಕಡೆಗೆ ನುಗ್ಗುತ್ತವೆ. ಬಾಟಲಿಯ ಬಾಯಿಗೆ ಕಾಲೂರಿ ಎಳೆಯುವ, ಸನ್ನೆಕೋಲಿರುವ ಸ್ಕ್ರೂ ಕೂಡ ಈ ಹಂತದಲ್ಲಿ ಬೇಡ. ಒತ್ತಡ ಮತ್ತು ಸನ್ನೆಕೋಲಿನ ಬಲ ಒಂದೇ ದಿಕ್ಕಿನಲ್ಲಿ ಸೇರಿದರೆ, ಸ್ಕ್ರೂ ಸಮೇತ ಕಾರ್ಕ್ ಹಾರಬಹುದು ಅಥವಾ ಬಾಯಿಯ ಗಾಜು ಚಕ್ಕೆ ಏಳಬಹುದು. ಎರಡು ತಗಡಿನ ಕಾಲುಗಳನ್ನು ಕಾರ್ಕ್ ಮತ್ತು ಗಾಜಿನ ನಡುವೆ ಇಳಿಸಿ ಎಳೆಯುವ ಸಾಧನ ಹಳೆಯ ಸಾಮಾನ್ಯ ವೈನಿಗೆ ಬಹಳ ಒಳ್ಳೆಯದು. ಇಲ್ಲಿ ಅದು ಉಳಿದಿರುವ ಒಂದೇ ಹಿಡಿತವನ್ನೂ ಬಿಡಿಸಿಬಿಡುತ್ತದೆ.

ಅನಿಲ ಬಿಡುವುದು

ನಮ್ಮ ಕೈಗೆ ಸಿಕ್ಕಿದ್ದು ಕಾಫಿ ಚೀಲ ಹೊಲಿಯುವ ನೇರವಾದ ದಬ್ಬಳ. ಅದನ್ನು ಕುದಿಯುವ ನೀರಿನಲ್ಲಿ ಅದ್ದಿ ಒರೆಸಿ ಇಟ್ಟುಕೊಂಡೆವು. ಮಾವ ತೋಟದಲ್ಲಿ ಹುಲ್ಲು ಕತ್ತರಿಸುವ ಯಂತ್ರ ನಡೆಸುವಾಗ ಹಾಕಿಕೊಳ್ಳುವ ಕನ್ನಡಕವನ್ನು ನನಗೆ ಕೊಟ್ಟರು. ಬಾಟಲಿಯ ಮೈಗೆ ಒಂದು ದಪ್ಪ ಟವಲನ್ನು ಸುತ್ತಿ, ಬಕೆಟ್ಟಿನ ಒಳಗೇ ನೆಟ್ಟಗೆ ನಿಲ್ಲಿಸಿದೆವು. ನೆಟ್ಟಗೆ ನಿಲ್ಲಿಸುವುದು ಮುಖ್ಯ, ಏಕೆಂದರೆ ಬಾಟಲಿ ವಾಲಿದ್ದರೆ ದಬ್ಬಳದ ತುದಿ ಅನಿಲಕ್ಕೆ ಬದಲು ವೈನನ್ನು ಮುಟ್ಟಿ, ರಂಧ್ರದಿಂದ ನೊರೆ ಚಿಮ್ಮುತ್ತದೆ.

ಸ್ಪಾರ್ಕ್ಲಿಂಗ್ ವೈನಿನ ಕಾರ್ಕಿನ ಮೇಲ್ಭಾಗವನ್ನು ಕಾರ್ಕಿನ ಹರಳುಗಳನ್ನು ಅಂಟಿಸಿ ಮಾಡಿರುತ್ತಾರೆ. ವೈನಿಗೆ ತಾಗುವ ತುದಿಗೆ ಮಾತ್ರ ಒಂದೆರಡು ಅಖಂಡ ಕಾರ್ಕಿನ ಬಿಲ್ಲೆಗಳನ್ನು ಕೂಡಿಸಿರುತ್ತಾರೆ. ದಬ್ಬಳ ಮೇಲಿನ ಪುಡಿಪುಡಿ ಭಾಗದಲ್ಲಿ ಸಲೀಸಾಗಿ ಇಳಿದು, ಬಿಲ್ಲೆ ಸಿಕ್ಕಿದಾಗ ಬಿಗಿಯಾಗುತ್ತದೆ. ಈ ವ್ಯತ್ಯಾಸ ಬೆರಳಿಗೆ ಸ್ಪಷ್ಟವಾಗಿ ತಿಳಿಯುತ್ತದೆ. ಜಾಲರಿ ಬಿಚ್ಚದೆಯೇ, ಟೋಪಿಯನ್ನು ಮಾತ್ರ ಪಕ್ಕಕ್ಕೆ ಜಾರಿಸಿ ತೆಗೆದು, ತಂತಿಗಳ ನಡುವಿನಿಂದ ತುಂಡಿನ ಮಧ್ಯಕ್ಕೆ ದಬ್ಬಳವನ್ನು ಇಳಿಸಬೇಕು. ತೋಳು ಚಾಚಿ ಹಿಡಿದಿರಬೇಕು, ದಬ್ಬಳದ ಹಿಂತುದಿ ಯಾರ ಕಡೆಗೂ ತೋರಬಾರದು, ಕೈಯ ಸುತ್ತ ಟವಲ್ ಇರಬೇಕು. ತೂತು ಕೊರೆದಾದ ಮೇಲೆ ದಬ್ಬಳವನ್ನು ಪೂರ್ತಿ ಹೊರಗೆಳೆದರೆ ಕಾರ್ಕ್ ತನ್ನಷ್ಟಕ್ಕೆ ಮುಚ್ಚಿಕೊಳ್ಳುತ್ತದೆ. ಆದ್ದರಿಂದ ಅದನ್ನು ಒಳಗೇ ಇಟ್ಟು, ಅತ್ತಿತ್ತ ಸ್ವಲ್ಪ ಹೊರಳಿಸಬೇಕು.

ಮೂರನೆಯ ಸಲ ಹೊರಳಿಸಿದಾಗ ನಮಗೆ ಸಣ್ಣಗೆ "ಸುಯ್" ಎಂಬ ಸದ್ದು ಕೇಳಿತು. ಬಾಟಲಿಯೊಳಗೆ ಪೂರ್ಣ ಒತ್ತಡವಿತ್ತು ಎಂಬುದು ಆಗ ಖಚಿತವಾಯಿತು. ಸದ್ದು ಎರಡು ನಿಮಿಷ ನಡೆದು ಕ್ಷೀಣವಾಯಿತು. ಅದು ನಿಂತ ಮಾತ್ರಕ್ಕೆ ಅನಿಲವೆಲ್ಲ ಹೋಯಿತೆಂದು ತಿಳಿಯಬಾರದು. ಹೋಗಿರುವುದು ಮೇಲಿನ ಖಾಲಿ ಜಾಗದಲ್ಲಿದ್ದದ್ದು ಮಾತ್ರ. ವೈನಿನಲ್ಲಿ ಕರಗಿರುವ ಅನಿಲ ನಿಧಾನವಾಗಿ ಮೇಲೆ ಬಂದು ಮತ್ತೆ ಒತ್ತಡ ಕಟ್ಟುತ್ತದೆ. ಹಾಗಾಗಿ ರಂಧ್ರವನ್ನು ಮುಚ್ಚಿಕೊಳ್ಳಲು ಬಿಟ್ಟು ಊಟಕ್ಕೆ ಹೋಗಿ ಬರುವಂತಿಲ್ಲ. ದಬ್ಬಳವನ್ನು ಮತ್ತೊಮ್ಮೆ ಹೊರಳಿಸಿ, ಸದ್ದು ಬರುವುದಿಲ್ಲವೆಂದು ಖಚಿತಪಡಿಸಿಕೊಂಡು, ಅದೇ ಕೆಲವು ನಿಮಿಷಗಳಲ್ಲಿ ಮುಂದಿನ ಕೆಲಸ ಮುಗಿಸಬೇಕು. ನೊರೆ ರಂಧ್ರದಿಂದ ಏರತೊಡಗಿದರೆ ಕೈ ತಡೆದು, ಬಾಟಲಿಯನ್ನು ಮತ್ತೆ 20 ನಿಮಿಷ ಐಸ್ ನೀರಿನಲ್ಲಿ ಬಿಡಬೇಕು.

ರಂಧ್ರ ಕೊರೆದರೂ ಯಾವ ಸದ್ದೂ ಬರದಿದ್ದರೆ ಒಂದೋ ದಬ್ಬಳ ತಳದ ಬಿಲ್ಲೆಯನ್ನು ದಾಟಿಲ್ಲ, ಇಲ್ಲವೇ ಕಾರ್ಕ್ ವರ್ಷಗಳ ಹಿಂದೆಯೇ ಸೋರಿ ವೈನ್ ಸಪ್ಪೆಯಾಗಿದೆ. ಕುತ್ತಿಗೆಯೊಳಗೆ ಉಳಿಯುವ ತುಂಡು ಸಾಮಾನ್ಯವಾಗಿ ಎರಡೂವರೆ ಸೆಂಟಿಮೀಟರ್ ಆಸುಪಾಸಿನದು. ದಬ್ಬಳದ ಮೇಲೆ ಮೂರು ಸೆಂಟಿಮೀಟರಿಗೆ ಒಂದು ದಾರದ ಗುರುತು ಕಟ್ಟಿಕೊಂಡಿದ್ದರೆ ಇವೆರಡರಲ್ಲಿ ಯಾವುದು ಎಂದು ಗೊಂದಲವಿರುವುದಿಲ್ಲ.

ತುಂಡನ್ನು ತೆಗೆಯುವುದು, ಪುಡಿಯನ್ನು ಸೋಸುವುದು

ಈಗ ಸ್ಕ್ರೂವಿನ ಸರದಿ. ಜಾಲರಿಯನ್ನು ತೆಗೆದು, ಟವಲ್ ಹೊದಿಸಿದಂತೆಯೇ, ಸ್ಕ್ರೂವಿನ ಮೊನೆಯನ್ನು ದಬ್ಬಳದ ರಂಧ್ರದಿಂದ ಸ್ವಲ್ಪ ಪಕ್ಕಕ್ಕೆ, ತುಸು ಓರೆಯಾಗಿ ಇಟ್ಟು ತಿರುಗಿಸಬೇಕು. ಒಣಗಿದ ಕಾರ್ಕಿನ ನಡುಭಾಗ ಬೇಗ ಪುಡಿಯಾಗುತ್ತದೆ. ಓರೆಯಾಗಿ ಹೋದ ಸ್ಕ್ರೂ ಹೆಚ್ಚು ಅಗಲದ ಹಿಡಿತ ಪಡೆಯುತ್ತದೆ. ಕೆಳಕ್ಕೆ ಒತ್ತಬಾರದು, ತಿರುಗುವಿಕೆಯೇ ಅದನ್ನು ಒಳಗೆ ಕರೆದೊಯ್ಯಲಿ. ಎರಡೂವರೆ ಮೂರು ಸುತ್ತು ಸಾಕು. ನಂತರ ಸನ್ನೆಕೋಲು ಬಳಸದೆ, ಕೈಯಿಂದಲೇ, ನೇರವಾಗಿ, ಎರಡು ಮೂರು ಮಿಲಿಮೀಟರಿನಂತೆ ನಿಲ್ಲಿಸಿ ನಿಲ್ಲಿಸಿ ಎಳೆಯಬೇಕು. ನಮ್ಮ ತುಂಡು ಅರ್ಧ ಬಂದು, ಮೇಲಿನ ಹರಳುಗಳು ಸ್ಕ್ರೂವಿಗೆ ಸುತ್ತಿಕೊಂಡು ಕಿತ್ತುಬಂದವು. ತಳದ ಬಿಲ್ಲೆ ಮಾತ್ರ ಕುತ್ತಿಗೆಯಲ್ಲೇ ಉಳಿಯಿತು.

ಆ ಸ್ಥಿತಿಯಲ್ಲಿ ಚಾಕುವಿನಿಂದ ಕೆರೆಯುವುದಕ್ಕಿಂತ ಬಿಲ್ಲೆಯನ್ನು ಒಳಗೆ ಬಿಡುವುದೇ ಮೇಲು. ದಬ್ಬಳವನ್ನು ಇನ್ನೊಮ್ಮೆ ಇಳಿಸಿ ಸದ್ದು ಬಾರದಿರುವುದನ್ನು ನೋಡಿ, ಬಾಟಲಿಯನ್ನು ಪಾತ್ರೆ ತೊಳೆಯುವ ಸಿಂಕಿನೊಳಗೆ ನಿಲ್ಲಿಸಿ, ಮರದ ಸೌಟಿನ ಹಿಡಿಯಿಂದ, ಮುಖವನ್ನು ದೂರವಿಟ್ಟು, ಒಂದೇ ಸಮನೆ ಮೆಲ್ಲಗೆ ಒತ್ತಿದೆವು. ಬಿಲ್ಲೆ ಇಳಿದೊಡನೆ ಒಂದು ಲೋಟದಷ್ಟು ನೊರೆ ಉಕ್ಕಿ ಹೊರಗೆ ಚೆಲ್ಲಿತು, ಅದರೊಂದಿಗೆ ಬಹಳಷ್ಟು ಪುಡಿಯೂ ಹೋಯಿತು. ಅಷ್ಟು ನಷ್ಟ ಒಪ್ಪಿಕೊಳ್ಳಬೇಕಾದದ್ದೇ.

ಕಾರ್ಕಿನ ಪುಡಿ ವಿಷವಲ್ಲ. ಆದರೆ ಅದರ ಒರಟು ಮೈಯ ಮೇಲೆ ಗುಳ್ಳೆಗಳು ಹುಟ್ಟುವುದರಿಂದ, ಪುಡಿ ಒಳಗೆ ಉಳಿದಷ್ಟೂ ವೈನ್ ಬೇಗ ಸಪ್ಪೆಯಾಗುತ್ತದೆ. ಬೇರೊಂದು ಜಗ್ಗಿಗೆ ಪೂರ್ತಿ ಸೋಸಿಟ್ಟರೆ ಅದೇ ತೊಂದರೆ ಇನ್ನಷ್ಟು ಬೇಗ ಆಗುತ್ತದೆ. ಬಟ್ಟೆಯ ನೂಲುಗಳೂ ಗುಳ್ಳೆ ಎಬ್ಬಿಸುತ್ತವೆ. ಅತಿ ಸಣ್ಣ ಕಣ್ಣಿನ ಸ್ಟೀಲ್ ಟೀ ಸೋಸುಕವನ್ನು ತಣ್ಣೀರಿನಲ್ಲಿ ನೆನೆಸಿ, ಓರೆ ಹಿಡಿದ ಗ್ಲಾಸಿನ ಒಳಗೋಡೆಯ ಮೇಲೆ ಜಾರುವಂತೆ, ಕುಡಿಯುವಷ್ಟನ್ನೇ ಆಗಾಗ ಸುರಿದುಕೊಳ್ಳುವುದು ನನಗೆ ಸರಿಯೆನಿಸಿದ ಕ್ರಮ. ಕಾಫಿ ಸೋಸುವ ಬಟ್ಟೆಯನ್ನು ಎಷ್ಟು ತೊಳೆದರೂ ಅದರ ವಾಸನೆ ಹೋಗುವುದಿಲ್ಲ, ಅದನ್ನು ಹತ್ತಿರ ತರಬಾರದು.

ಕಾರ್ಕ್ ಮುರಿದದ್ದು ಏಕೆ

ಮರುದಿನ ಬೆಳಿಗ್ಗೆ ಕಾರಣ ಹುಡುಕಿದೆವು. ಹೊಸ ಬಾಟಲಿಯಿಂದ ತೆಗೆದ ಕಾರ್ಕಿನ ತಳಭಾಗ ಹೊರಬಂದ ಮೇಲೆ ಲಂಗದಂತೆ ಅಗಲವಾಗಿ ಅರಳುತ್ತದೆ. ಮೂಲದಲ್ಲಿ ಸುಮಾರು 31 ಮಿಲಿಮೀಟರ್ ವ್ಯಾಸದ ಕಾರ್ಕನ್ನು 18 ಮಿಲಿಮೀಟರಿಗೆ ಹಿಂಡಿ ಕೂರಿಸಿರುವುದರಿಂದ ಅದು ಹಿಗ್ಗಲು ಕಾದಿರುತ್ತದೆ. ನಾವು ಬಾಟಲಿ ಖಾಲಿಯಾದ ಮೇಲೆ ತಂತಿಯ ಕೊಕ್ಕೆಯಿಂದ ಹೊರತೆಗೆದ ಬಿಲ್ಲೆ ಒಂದಿಷ್ಟೂ ಅರಳಿರಲಿಲ್ಲ. ಗೂಟದ ತುಂಡಿನ ಹಾಗೆ ನೇರವಾಗಿತ್ತು. ಇದು ಪುಟಿಯುವ ಗುಣವನ್ನೇ ಕಳೆದುಕೊಂಡ ಕಾರ್ಕಿನ ಗುರುತು. ಬಾಟಲಿ ಇದ್ದ ಕಪಾಟನ್ನು ಮುಟ್ಟಿ ನೋಡಿದಾಗ ಗೋಡೆ ಬೆಚ್ಚಗಿತ್ತು. ಆ ಗೋಡೆಯ ಆಚೆ ಬದಿಯಲ್ಲಿ ಬಚ್ಚಲುಮನೆಯ ಹಂಡೆಯ ಒಲೆಯಿದೆ. ಪ್ರತಿದಿನ ಬೆಳಿಗ್ಗೆ ಸಂಜೆ ಉರಿಯುತ್ತದೆ. ನಾಲ್ಕು ವರ್ಷ ದಿನಕ್ಕೆರಡು ಸಲ ಬಿಸಿಯಾಗಿ ತಣಿದ ಕಾರ್ಕ್ ಗಾಜಿಗೆ ಅಂಟಿಕೊಂಡಿತ್ತು, ಹೊರಗಿದ್ದ ತಲೆ ಒಣಗಿತ್ತು. ಅದರ ಮೇಲೆ ನಾನು ಬಾಟಲಿಯನ್ನು ಬಿಟ್ಟು ಕಾರ್ಕನ್ನೇ ತಿರುಚಿದೆ. ಅಗಲವಾದ ತಲೆಯೂ ಹಿಂಡಿದ ಕಾಂಡವೂ ಸೇರುವ ಜಾಗದಲ್ಲಿ, ಅಂದರೆ ಬಾಟಲಿಯ ಬಾಯಿಯ ಮಟ್ಟದಲ್ಲಿ, ಅದು ಮುರಿಯಲೇಬೇಕಿತ್ತು.

ಕೊಡಗಿನ ಮನೆಗಳಲ್ಲಿ ಮಾಡುವ ದ್ರಾಕ್ಷಿ, ನೆಲ್ಲಿಕಾಯಿ ವೈನಿಗೆ ಈ ಕ್ರಮ ಅನ್ವಯಿಸುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಹುದುಗುವುದು ಮುಗಿಯುವ ಮೊದಲೇ ಮಾಮೂಲಿ ಬಾಟಲಿಗೆ ತುಂಬಿ ಬಿರಡೆ ಹಾಕಿದರೆ ಅದರೊಳಗೂ ಅನಿಲ ಕಟ್ಟುತ್ತದೆ, ಆದರೆ ಆ ಬಾಟಲಿಯ ಗಾಜು ಅಷ್ಟು ಒತ್ತಡ ತಡೆಯಲು ಮಾಡಿದ್ದಲ್ಲ. ಬಿರಡೆ ತಾನಾಗಿ ಮೇಲೇರಿರುವ ಅಂತಹ ಬಾಟಲಿಯನ್ನು ಕೈಯಲ್ಲಿ ಎತ್ತಬಾರದು. ದಪ್ಪ ಗೋಣಿಚೀಲ ಹೊದಿಸಿ, ಇದ್ದಲ್ಲೇ ತಂಪು ಮಾಡಿ, ಗೋಣಿಯ ಮೇಲಿನಿಂದಲೇ ಬಿರಡೆಯನ್ನು ಸಡಿಲಿಸಬೇಕು.

ಎರಡನೆಯ ಬಾಟಲಿ

ಅದೇ ಕಪಾಟಿನಲ್ಲಿದ್ದ ಜೊತೆ ಬಾಟಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್ಜಿನಲ್ಲಿ ಇಟ್ಟು ಜನವರಿಯಲ್ಲಿ ತೆಗೆದೆವು. ಮೇಲಿನ ಹಾಳೆಯನ್ನು ಸುಲಿದಾಗ ಮಳೆಗಾಲದ ಬೂಷ್ಟು ಟೋಪಿಯ ಸುತ್ತ ಹಿಡಿದಿತ್ತು. ಒದ್ದೆ ಬಟ್ಟೆಯಿಂದ ಒರೆಸಿದೆವು. ಮೈ ಒರೆಸಿ ಒಣಗಿಸಿದ ಬಾಟಲಿಯನ್ನು 45 ಡಿಗ್ರಿ ಓರೆ ಮಾಡಿ, ಜನರಿಲ್ಲದ ಗೋಡೆಯ ಕಡೆಗೆ ತೋರಿಸಿ ಹಿಡಿದೆ. ಹೆಬ್ಬೆರಳನ್ನು ಟೋಪಿಯ ಮೇಲೆ ಒತ್ತಿ ಇಟ್ಟುಕೊಂಡೇ ತಂತಿಯ ಕುಣಿಕೆಯನ್ನು ಆರು ಅರೆಸುತ್ತು ಬಿಚ್ಚಿದೆ, ಆದರೆ ಜಾಲರಿಯನ್ನು ತೆಗೆಯಲಿಲ್ಲ. ಸಡಿಲಾದ ಜಾಲರಿ ಕಾರ್ಕಿನ ಮೇಲೆಯೇ ಇದ್ದರೆ ಕೈಗೆ ಒಳ್ಳೆಯ ಹಿಡಿತ ಸಿಗುತ್ತದೆ, ಒಣಗಿದ ತಲೆಗೂ ಅದು ಕವಚವಾಗುತ್ತದೆ. ಟವಲ್ ಹೊದಿಸಿ ಎಡಗೈಯಲ್ಲಿ ಕಾರ್ಕನ್ನು ಅಲುಗಾಡದಂತೆ ಹಿಡಿದೆ.

"ಬಾಟ್ಲಿ ತಿರ್ಗ್ಸು, ಕಾರ್ಕ್ ಅಲ್ಲ," ಎಂದರು ಮಾವ.

ಬಾಟಲಿಯನ್ನು ತಳದಿಂದ ಹಿಡಿದು ಕಾಲು ಸುತ್ತು ಅತ್ತ, ಕಾಲು ಸುತ್ತು ಇತ್ತ ತಿರುಗಿಸುತ್ತ ಹೋದೆ. ಹತ್ತು ಹನ್ನೆರಡು ಸಲ ಏನೂ ಆಗಲಿಲ್ಲ. ಕೊನೆಗೆ ಗಾಜಿಗೆ ಅಂಟಿದ್ದ ಹಿಡಿತ ಬಿಟ್ಟದ್ದು ಅಂಗೈಗೆ ತಿಳಿಯಿತು. ಕಾರ್ಕ್ ತಾನಾಗಿ ಮೇಲೇರತೊಡಗಿತು. ಆಗ ಎಳೆಯುವ ಬದಲು ಕೆಳಕ್ಕೆ ಒತ್ತಿ ಹಿಡಿದು, ಅದನ್ನು ಒಂದು ಬದಿಗೆ ತುಸು ವಾಲಿಸಿದೆ. ಅನಿಲ ಆ ಸಂದಿಯಿಂದ ನಿಟ್ಟುಸಿರಿನಂತೆ ಹೊರಬಂತು. ಕಾರ್ಕ್ ಟವಲಿನೊಳಗೆ ಇಡಿಯಾಗಿ ಉಳಿಯಿತು, ತಳ ಗೂಟದಂತೆ ನೇರ, ಒಂದು ಹನಿಯೂ ಚೆಲ್ಲಲಿಲ್ಲ.